ಪಿ.ಪಿ. ನಂಬರಿನ ಇಂಟರ್ನೆಟ್ಟಿಗೆ ಪೂರ್ತಿ ಬಿಲ್ ಯಾಕೆ?

“ಮನೇಲಿ ಸರ್ವರ್ ಇಟ್ಕೊಂಡು ಏನ್ ಮಾಡ್ತೀರಾ ಸಾರ್? ಯೂಟ್ಯೂಬ್ ಬರ್ತಿದೆ ಅಲ್ವಾ?”

ನಮ್ಮ ಮನೆಗೆ ಫೈಬರ್ ಕೊಟ್ಟಿರುವ ಕಂಪನಿಯ ಗ್ರಾಹಕ ಸೇವೆಯ ಹುಡುಗ ನನ್ನನ್ನು ಕೇಳಿದ ಪ್ರಶ್ನೆ ಇದು. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕೊಟ್ಟ ಕಾಗದದಲ್ಲಿ ಬರೆದಿದ್ದನ್ನು ಅವನು ಓದುತ್ತಾನೆ. ಸಿಟ್ಟು ಬಂದಿದ್ದು ಆ ಪ್ರಶ್ನೆಯೊಳಗೆ ಕೂತಿರುವ ಲೆಕ್ಕಾಚಾರದ ಮೇಲೆ. ಹಳ್ಳಿಯವರಿಗೆ ಇಂಟರ್ನೆಟ್ ಅಂದರೆ ನೋಡುವುದು ಮಾತ್ರ, ನಾವು ಯಾರಿಗೂ ಏನೂ ತೋರಿಸುವುದಿಲ್ಲ ಅನ್ನೋ ಲೆಕ್ಕಾಚಾರ ಅದು.

ನನ್ನ ಬಳಿ ತೋರಿಸಲು ಇದೆ. ಜಿಲ್ಲೆಯ ಬಿಡಿ ವರದಿಗಾರನಾಗಿ ಓಡಾಡಿದ ವರ್ಷಗಳಲ್ಲಿ ನಮ್ಮ ಹೋಬಳಿಯ ಗ್ರಾಮಸಭೆಗಳ ಧ್ವನಿಮುದ್ರಣ, ಕೆರೆ ಕೋಡಿಯ ಫೋಟೋ, ಮಾಹಿತಿ ಹಕ್ಕಿನಲ್ಲಿ ಪಡೆದ ನಡಾವಳಿ ಪ್ರತಿಗಳು, ಎಲ್ಲಾ ಒಟ್ಟಾಗಿವೆ. ಪತ್ರಿಕೆಗೆ ಬೇಕಾದ್ದು ಇನ್ನೂರು ಪದ. ಉಳಿದದ್ದು ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ. “ಅಣ್ಣಾ, ಹೋದ ವರ್ಷ ನೀರಿನ ಟ್ಯಾಂಕಿನ ಬಗ್ಗೆ ಅಧ್ಯಕ್ಷರು ಏನಂದಿದ್ರು, ಆ ರೆಕಾರ್ಡಿಂಗ್ ಕಳಿಸಿ” ಅಂತ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ವಾಟ್ಸಾಪಿನಲ್ಲಿ ಕಳಿಸಿದ್ದು ನಾಲ್ಕು ದಿನಕ್ಕೆ ಗುಂಪಿನ ಗುಡ್ ಮಾರ್ನಿಂಗ್‌ಗಳ ಕೆಳಗೆ ಹೂತು ಹೋಗುತ್ತದೆ. ಉಚಿತ ಡ್ರೈವ್ ತುಂಬಿ ಎಷ್ಟೋ ಕಾಲವಾಯಿತು. ಹಾಗಾಗಿ ಆ ಲ್ಯಾಪ್‌ಟಾಪನ್ನೇ ಮನೆಯ ಮೂಲೆಯಲ್ಲಿ ಸದಾ ಚಾಲೂ ಇಟ್ಟು, ಯಾರು ಬೇಕಾದರೂ ಫೋನಿನಲ್ಲೇ ತೆರೆದು ಕೇಳುವ ಹಾಗೆ ಮಾಡೋಣ ಅಂದುಕೊಂಡೆ. ಸರ್ವರ್ ಅಂದರೆ ಅಷ್ಟೇ. ದೊಡ್ಡ ಪೆಟ್ಟಿಗೆ ಏನಲ್ಲ, ಕೇಳಿದವರಿಗೆ ಕೊಡುವ ಕಂಪ್ಯೂಟರ್.

ಮೂರು ರಾತ್ರಿ ಕೂತೆ. ಮನೆಯೊಳಗೆ ವೈಫೈಯಲ್ಲಿ ಚೆನ್ನಾಗಿ ತೆರೆಯಿತು. ಹೊರಗಿನಿಂದ ಇಲ್ಲ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಗ್ರಾಹಕ ಸೇವೆಯವರು ಮೂರು ಸಲ ರೂಟರ್ ರೀಸೆಟ್ ಮಾಡಿಸಿದರು. ಅವರು ಏನು ಮಾಡಿಸಿದ್ದರೂ ಆಗುತ್ತಿರಲಿಲ್ಲ. ಯಾಕೆ ಅಂದರೆ ನನ್ನ ಮನೆಗೆ ಸ್ವಂತ ವಿಳಾಸವೇ ಇರಲಿಲ್ಲ. ಅದನ್ನು ಯಾರೂ ಹೇಳಲಿಲ್ಲ.

ಒಂದು ನಂಬರ್, ಒಂದು ಬೀದಿ

ಮೂವತ್ತು ದಾಟಿದವರಿಗೆ ಪಿ.ಪಿ. ನಂಬರ್ ನೆನಪಿರುತ್ತದೆ. ಊರಿಗೆ ಒಂದೋ ಎರಡೋ ಫೋನ್ ಇದ್ದ ಕಾಲ. ಲಗ್ನಪತ್ರಿಕೆಯಲ್ಲಿ, ಅರ್ಜಿಯಲ್ಲಿ ಅಂಗಡಿಯವರ ನಂಬರ್ ಬರೆದು ಪಕ್ಕದಲ್ಲಿ ಪಿ.ಪಿ. ಅಂತ ಹಾಕುತ್ತಿದ್ದರು. ನೀವು ಅಲ್ಲಿಂದ ಫೋನ್ ಮಾಡಬೇಕಾದರೆ ಕಷ್ಟವಿಲ್ಲ, ಹೋಗಿ ಡಯಲ್ ಮಾಡಿದರಾಯಿತು. ನಿಮಗೆ ಫೋನ್ ಬಂದರೆ ಮಾತ್ರ ಅಂಗಡಿಯವರು ಹುಡುಗನನ್ನು ಅಟ್ಟಿ ಕರೆಸಬೇಕು. ಅವರಿಗೆ ಮನಸ್ಸಿಲ್ಲದಿದ್ದರೆ ನಿಮಗೆ ಕರೆ ಬಂದಿದ್ದೇ ಗೊತ್ತಾಗುವುದಿಲ್ಲ.

ಈಗ ನಮ್ಮ ಫೈಬರ್ ಸಂಪರ್ಕ ಇರುವುದೂ ಹಾಗೆಯೇ. ಇಂಟರ್ನೆಟ್ಟಿನಲ್ಲಿ ಪ್ರತಿ ಸಂಪರ್ಕಕ್ಕೂ ಐಪಿ ಅನ್ನೋ ವಿಳಾಸ ಬೇಕು. ಹಳೇ ಪದ್ಧತಿಯ, ಅಂದರೆ ನಾಲ್ಕನೇ ಆವೃತ್ತಿಯ ವಿಳಾಸಗಳು ಒಟ್ಟು ಇರುವುದೇ ಸುಮಾರು 429 ಕೋಟಿ. ಜಗತ್ತಿನ ಜನಸಂಖ್ಯೆಯೇ 800 ಕೋಟಿ ದಾಟಿದೆ. 2011ರ ಫೆಬ್ರವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ಕಂತು ಹಂಚಿ ಮುಗಿಯಿತು. ಆಮೇಲೆ ಬಂದ ಕಂಪನಿಗಳು ಮಾಡಿದ್ದೇನು? ಒಂದು ಸಾರ್ವಜನಿಕ ವಿಳಾಸವನ್ನು ಹತ್ತಾರು, ನೂರಾರು ಮನೆಗಳಿಗೆ ಹಂಚಿದರು. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಮನೆಗಳಿಗೆ ಒಳಗಿನ ಲೆಕ್ಕಕ್ಕೆ ಒಂದೊಂದು ಖಾಸಗಿ ನಂಬರ್ ಕೊಟ್ಟು, ಹೊರಗೆ ಹೋಗುವಾಗ ಎಲ್ಲರಿಗೂ ಒಂದೇ ಮುಖ. ಈ ಒಳಲೆಕ್ಕಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಬೇರೆ ತೆಗೆದಿಟ್ಟರು.

ಹೊರಗೆ ಹೋಗುವ ಮಾತಿಗೆ ತೊಂದರೆಯಿಲ್ಲ. ನೀವು ಯೂಟ್ಯೂಬ್ ಕೇಳಿದಾಗ ಕಂಪನಿಯ ಯಂತ್ರ “ಇದನ್ನು ಕೇಳಿದ್ದು ಇಂಥ ಮನೆ” ಅಂತ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ. ಉತ್ತರ ಬಂದಾಗ ಆ ಸಾಲು ನೋಡಿ ನಿಮಗೆ ತಲುಪಿಸುತ್ತದೆ. ಆದರೆ ಹೊರಗಿನಿಂದ ಯಾರೋ ತಾವಾಗಿ ನಿಮ್ಮನ್ನು ಹುಡುಕಿ ಬಂದರೆ ಪುಸ್ತಕದಲ್ಲಿ ಸಾಲೇ ಇಲ್ಲ. ಯಾವ ಮನೆಗೆ ಕಳಿಸಬೇಕು? ಗೊತ್ತಿಲ್ಲ, ಬಿಸಾಡು. ನನ್ನ ರೂಟರಿನಲ್ಲಿ ನಾನು ಎಷ್ಟು ಬಾಗಿಲು ತೆರೆದರೇನು, ಬಂದವರು ಬೀದಿಯ ತುದಿಯಲ್ಲೇ ವಾಪಸ್ ಹೋಗುತ್ತಿದ್ದರು.

ನಿಮ್ಮ ಮನೆಯಲ್ಲೂ ಹೀಗಿದೆಯಾ ಅಂತ ಫೋನಿನಲ್ಲೇ ನೋಡಬಹುದು. ವೈಫೈಗೆ ಸೇರಿಕೊಂಡು ಬ್ರೌಸರಿನಲ್ಲಿ `192.168.1.1` ತೆರೆಯಿರಿ. ರೂಟರಿನ ಬೆನ್ನ ಮೇಲಿನ ಚೀಟಿಯಲ್ಲಿ ಬೇರೆ ನಂಬರ್ ಇದ್ದರೆ ಅದನ್ನು ಹಾಕಿ. ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಅಂತ ಒಂದು ನಂಬರ್ ಇರುತ್ತದೆ, ಬರೆದುಕೊಳ್ಳಿ. ಆಮೇಲೆ ನಿಮ್ಮ ಐಪಿ ತೋರಿಸುವ ಯಾವುದಾದರೂ ಜಾಲತಾಣ ತೆರೆದು ಅಲ್ಲಿನ ನಂಬರಿಗೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ ನಿಮಗೆ ಸ್ವಂತ ವಿಳಾಸ ಇದೆ. ಬೇರೆ ಬೇರೆಯಾಗಿದ್ದು, ರೂಟರಿನದ್ದು 100.64ರಿಂದ 100.127ರ ಒಳಗೆ ಇದ್ದರೆ ಅಥವಾ 10ರಿಂದ ಶುರುವಾದರೆ, ನೀವೂ ಪಿ.ಪಿ. ಗಿರಾಕಿ.

ಇಲ್ಲಿ ಎರಡು ಕಡೆ ಎಡವಬಹುದು. ಜಾಲತಾಣ ತೋರಿಸಿದ ವಿಳಾಸದಲ್ಲಿ ನಡುನಡುವೆ ಎರಡು ಚುಕ್ಕಿಯ ಚಿಹ್ನೆ, ಅಂದರೆ ಕೋಲನ್ ಇದ್ದರೆ ಅದು ಆರನೇ ಆವೃತ್ತಿಯ ಹೊಸ ವಿಳಾಸ. ಅದನ್ನು ಹಳೆಯದರ ಜೊತೆ ಹೋಲಿಸಬೇಡಿ. ಇನ್ನೊಂದು, ರೂಟರಿನಲ್ಲಿ 192.168ರ ನಂಬರ್ ಕಂಡರೆ ಮೊದಲು ಕಂಪನಿಯನ್ನು ಬೈಯಬೇಡಿ. ನಿಮ್ಮ ಮನೆಯಲ್ಲೇ ಫೈಬರ್ ಪೆಟ್ಟಿಗೆ ಒಂದು, ನೀವು ತಂದ ರೂಟರ್ ಇನ್ನೊಂದು, ಹೀಗೆ ಎರಡು ಇರುವ ಸಾಧ್ಯತೆ ಹೆಚ್ಚು. ಫೈಬರ್ ಪೆಟ್ಟಿಗೆಯ ಪುಟವನ್ನು ತೆರೆದು ಅಲ್ಲಿನ ನಂಬರ್ ನೋಡಬೇಕು.

ಹಂಚಿದ್ದು ತಪ್ಪಲ್ಲ, ಮುಚ್ಚಿಟ್ಟಿದ್ದು ತಪ್ಪು

ವಿಳಾಸಗಳು ಮುಗಿದಿದ್ದು ನಿಜ. ಹಂಚದೆ ವಿಧಿಯಿಲ್ಲ ಅನ್ನುವುದನ್ನೂ ಒಪ್ಪುತ್ತೇನೆ. ಒಪ್ಪಲಾಗದ್ದು ಬೇರೆ. ಅರ್ಜಿಯಲ್ಲಿ ವೇಗ ಬರೆದಿದ್ದರು, ತಿಂಗಳ ಮೊತ್ತ ಬರೆದಿದ್ದರು, ಉಚಿತ ಸಿನಿಮಾ ಆ್ಯಪುಗಳ ಪಟ್ಟಿ ಬಣ್ಣದಲ್ಲಿ ಅಚ್ಚು ಹಾಕಿದ್ದರು. ಒಳಬರುವ ದಾರಿ ಇರುವುದಿಲ್ಲ ಅನ್ನೋ ಒಂದು ಸಾಲು ಎಲ್ಲೂ ಇರಲಿಲ್ಲ. ಒಂದೇ ಕಡೆ ತಿರುಗುವ ಬಾಗಿಲನ್ನು ಬಾಗಿಲು ಅಂತ ಮಾರುವಾಗ ಅದನ್ನು ಹೇಳಬೇಕಲ್ಲವೇ?

ನಾನಾಗಿ ಕಂಡುಕೊಂಡು ಫೋನ್ ಮಾಡಿದ ಮೇಲೆ “ಹೌದು ಸಾರ್, ಸ್ಟ್ಯಾಟಿಕ್ ಐಪಿ ಬೇಕಾದ್ರೆ ಬಿಸಿನೆಸ್ ಪ್ಲಾನ್ ತಗೋಬೇಕು” ಅಂದರು. ನನ್ನ ವರದಿಗಳಿಗೆ ಬರುವ ಸಂಭಾವನೆಯ ಲೆಕ್ಕದಲ್ಲಿ ಆ ಪ್ಲಾನ್ ಆಗದ ಮಾತು.

ಹಂಚಿಕೆಯ ಕಷ್ಟ ಸರ್ವರ್ ಇಡುವವರಿಗೆ ಮಾತ್ರ ಅಲ್ಲ. ಒಂದು ಸಾರ್ವಜನಿಕ ವಿಳಾಸಕ್ಕೆ ಒಟ್ಟು 65,536 ಪೋರ್ಟುಗಳು, ಅಂದರೆ ಏಕಕಾಲಕ್ಕೆ ಬಳಸಬಹುದಾದ ಕಿಂಡಿಗಳು. ಮನೆಗೆ ಸಾವಿರದಂತೆ ಹಂಚಿದರೆ ಸುಮಾರು 64 ಮನೆ. ಆ 64ರಲ್ಲಿ ಒಬ್ಬರ ಕಂಪ್ಯೂಟರಿಗೆ ವೈರಸ್ ತಗುಲಿ ಎಲ್ಲೋ ದಾಳಿ ಮಾಡಿದರೆ, ಎದುರಿನ ಜಾಲತಾಣ ಆ ವಿಳಾಸವನ್ನೇ ಬ್ಲಾಕ್ ಮಾಡುತ್ತದೆ. ಉಳಿದ 63 ಮನೆಯವರು “ನೀವು ಮನುಷ್ಯರೇ? ಟ್ರಾಫಿಕ್ ಲೈಟ್ ಇರುವ ಚಿತ್ರ ಆರಿಸಿ” ಅನ್ನೋ ಪರೀಕ್ಷೆ ಬರೆಯುತ್ತಾ ಕೂರಬೇಕು. ನಿಮಗೆ ಪದೇಪದೇ ಹೀಗಾಗುತ್ತಿದ್ದರೆ ಕಾರಣ ಇದೂ ಇರಬಹುದು.

ಸುರಂಗದ ದಾರಿ

ಹೊರಗಿನಿಂದ ಒಳಗೆ ಬರಲು ಆಗದಿದ್ದರೆ ಒಳಗಿನಿಂದಲೇ ಹೊರಗೆ ಹೋಗಿ ದಾರಿ ಹಿಡಿದಿಟ್ಟುಕೊಳ್ಳಬೇಕು. ಟನಲ್ ಅನ್ನುವುದು ಇದನ್ನೇ. ಪಿ.ಪಿ. ಕಾಲದ ಮಾತಿನಲ್ಲಿ ಹೇಳುವುದಾದರೆ: ಬೆಳಿಗ್ಗೆಯೇ ಪಟ್ಟಣದಲ್ಲಿರುವ ನಿಮ್ಮ ಮಾವನಿಗೆ ನೀವೇ ಫೋನ್ ಮಾಡಿ, ರಿಸೀವರ್ ಇಡದೆ ಹಾಗೇ ಇಟ್ಟುಕೊಳ್ಳುತ್ತೀರಿ. ಮಾವನ ಮನೆಗೆ ಸರಿಯಾದ ವಿಳಾಸ ಇದೆ. ನಿಮ್ಮನ್ನು ಕೇಳಿಕೊಂಡು ಯಾರೇ ಬಂದರೂ ಅಲ್ಲಿಗೆ ಹೋಗುತ್ತಾರೆ. ಅವರ ಮಾತನ್ನು ಮಾವ ಆ ತೆರೆದ ಲೈನಿನಲ್ಲಿ ನಿಮಗೆ ಹೇಳಿ, ನಿಮ್ಮ ಉತ್ತರವನ್ನು ಅವರಿಗೆ ತಿಳಿಸುತ್ತಾರೆ. ನಿಮ್ಮ ಕಂಪನಿಯ ಕಣ್ಣಿಗೆ ಇದು ಹೊರಹೋಗುವ ಕರೆ, ಆದ್ದರಿಂದ ತಡೆಯುವುದಿಲ್ಲ.

ಹಾಗಾದರೆ ಪ್ರಶ್ನೆ ಒಂದೇ. ಮಾವ ಯಾರು?

ಇಲ್ಲಿ ನನಗೂ ನಮ್ಮ ಬ್ಯಾಚಿನ ಗೆಳೆಯನೊಬ್ಬನಿಗೂ ಜಗಳ. “ಕ್ಲೌಡ್‌ಫ್ಲೇರ್ ಟನಲ್ ಪುಕ್ಕಟೆ ಸಿಗುತ್ತೆ, ಹಾಕ್ಕೊಂಡು ಸುಮ್ನಿರು, ಇದರಲ್ಲೇನು ಹೋರಾಟ” ಅಂತ ಅವನ ವಾದ. ಅದು ಸುಲಭ ಅನ್ನುವುದು ನಿಜ. ಈ ಒಂದು ಸಾಲು ಹೊಡೆದರೆ ನಿಮಿಷದೊಳಗೆ ಜಗತ್ತಿಗೇ ಕಾಣುವ ಕೊಂಡಿ ಬರುತ್ತದೆ:

```
cloudflared tunnel --url http://localhost:8000
```

ಆದರೆ ಹೀಗೆ ಬಂದ ಕೊಂಡಿ ಪರೀಕ್ಷೆಗೆ ಮಾತ್ರ. ಆಜ್ಞೆ ನಿಂತು ಮತ್ತೆ ಶುರುವಾದರೆ ಹೆಸರೇ ಬದಲಾಗುತ್ತದೆ. ಶಾಶ್ವತ ಹೆಸರು ಬೇಕಾದರೆ ಸ್ವಂತ ಡೊಮೇನ್ ಕೊಂಡು ಅದರ ಆಡಳಿತವನ್ನು ಅವರ ಕೈಗೇ ಕೊಡಬೇಕು. ಉಚಿತ ಖಾತೆಯಲ್ಲಿ ಒಂದು ಸಲಕ್ಕೆ 100 ಎಂಬಿಗಿಂತ ದೊಡ್ಡ ಫೈಲನ್ನು ಟನಲ್ ಮೂಲಕ ಮನೆಯ ಸರ್ವರಿಗೆ ಏರಿಸಲು ಆಗುವುದಿಲ್ಲ. ನನ್ನ ಒಂದು ಗ್ರಾಮಸಭೆಯ ವಿಡಿಯೋ ಅದಕ್ಕಿಂತ ದೊಡ್ಡದು.

ಅದಕ್ಕಿಂತ ಮುಖ್ಯವಾದದ್ದು ಬೀಗದ ವಿಷಯ. ಬ್ರೌಸರಿನಲ್ಲಿ ಬೀಗದ ಚಿತ್ರ ಕಾಣುತ್ತದಲ್ಲ, ಆ ಬೀಗ ಬಿಚ್ಚುವುದು ಅವರ ಯಂತ್ರದಲ್ಲಿ, ನಿಮ್ಮ ಮನೆಯಲ್ಲಲ್ಲ. ಬಂದವರು ಏನು ಕೇಳಿದರು, ಯಾವ ಪಾಸ್‌ವರ್ಡ್ ಹಾಕಿದರು, ಎಲ್ಲವೂ ಅಲ್ಲಿ ಒಂದು ಕ್ಷಣ ತೆರೆದ ಪುಸ್ತಕ. ಅವರು ಓದುತ್ತಾರೆ ಅಂತ ನಾನು ಹೇಳುತ್ತಿಲ್ಲ. ಓದಲು ಸಾಧ್ಯವಿರುವ ಜಾಗದಲ್ಲಿ ಅವರಿದ್ದಾರೆ ಅಂತ ಹೇಳುತ್ತಿದ್ದೇನೆ. ಮಾಹಿತಿ ಕೊಟ್ಟವರ ಹೆಸರು ಕಾಯಬೇಕಾದ ವರದಿಗಾರನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಇನ್ನು ಎಲ್ಲರೂ ಒಬ್ಬನೇ ಮಾವನನ್ನು ನಂಬಿದರೆ ಏನಾಗುತ್ತದೆ ಅನ್ನುವುದನ್ನು 2025ರ ನವೆಂಬರ್ 18ರಂದು ನೋಡಿದೆವು. ಅವರ ಒಳಗಿನ ಒಂದು ಫೈಲ್ ಎಣಿಸಿದ್ದಕ್ಕಿಂತ ದೊಡ್ಡದಾಯಿತು. ಗಂಟೆಗಟ್ಟಲೆ ಜಗತ್ತಿನ ದೊಡ್ಡ ದೊಡ್ಡ ತಾಣಗಳೇ ಬಿದ್ದವು. ಅಂಥ ದಿನ ಮನೆಯ ಲ್ಯಾಪ್‌ಟಾಪ್ ಸರಿಯಾಗಿದ್ದರೂ ಪ್ರಯೋಜನವಿಲ್ಲ, ಅದನ್ನು ತಲುಪುವ ದಾರಿಯೇ ಬಿದ್ದಿರುತ್ತದೆ.

ಹಾಗಾಗಿ ನಾನು ಮಾವನನ್ನು ಬಾಡಿಗೆಗೆ ಹಿಡಿದೆ. ಸಾರ್ವಜನಿಕ ವಿಳಾಸ ಇರುವ ಒಂದು ಪುಟ್ಟ ಬಾಡಿಗೆ ಸರ್ವರ್, ವಿಪಿಎಸ್ ಅನ್ನುತ್ತಾರೆ. ತಿಂಗಳಿಗೆ ಕೆಲವು ನೂರು ರೂಪಾಯಿ. ಅದರಲ್ಲಿ ನನ್ನ ಫೈಲ್ ಒಂದೂ ಇಲ್ಲ, ಅದು ಬರೀ ಬಾಗಿಲು. ಬಾಡಿಗೆ ಕೊಟ್ಟ ಕಂಪನಿ ಮನಸ್ಸು ಮಾಡಿದರೆ ಅದರೊಳಗೂ ಇಣುಕಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬೀಗದ ಕೈ ನನ್ನ ಹೆಸರಲ್ಲಿದೆ. ಇಷ್ಟವಾಗದಿದ್ದರೆ ಒಂದು ಸಂಜೆಯಲ್ಲಿ ಬೇರೆ ಕಡೆ ಬಾಡಿಗೆ ಹಿಡಿದು ಡೊಮೇನ್ ಹೆಸರನ್ನು ಅತ್ತ ತಿರುಗಿಸಬಹುದು. ಓದುಗರಿಗೆ ಕೊಂಡಿ ಬದಲಾಗುವುದಿಲ್ಲ.

ಮನೆಯ ಲ್ಯಾಪ್‌ಟಾಪಿನಿಂದ ಲೈನ್ ಹಿಡಿಯುವ ಆಜ್ಞೆ ಇದು. ಇಲ್ಲಿರುವ ವಿಳಾಸ ಉದಾಹರಣೆಗೆ ಮಾತ್ರ, ನಿಮ್ಮ ವಿಪಿಎಸ್‌ನದ್ದನ್ನು ಹಾಕಿಕೊಳ್ಳಬೇಕು:

```
ssh -N -R 127.0.0.1:8080:localhost:8000 \
  -o ServerAliveInterval=30 \
  -o ExitOnForwardFailure=yes \
  suranga@203.0.113.10
```

ಇದರ ಅರ್ಥ ಇಷ್ಟು: ವಿಪಿಎಸ್‌ನ 8080ನೇ ಕಿಂಡಿಗೆ ಬಂದದ್ದನ್ನು ನನ್ನ ಲ್ಯಾಪ್‌ಟಾಪಿನ 8000ನೇ ಕಿಂಡಿಗೆ ತಲುಪಿಸು. ಮೊದಲಿಗೆ 127.0.0.1 ಅಂತ ಬರೆದಿದ್ದರಿಂದ ಆ 8080 ಹೊರಗಿನವರಿಗೆ ನೇರವಾಗಿ ಕಾಣುವುದಿಲ್ಲ. ಹೊರಗಿನವರನ್ನು ಎದುರುಗೊಳ್ಳಲು ವಿಪಿಎಸ್‌ನಲ್ಲಿ ಕ್ಯಾಡಿ ಅನ್ನೋ ತಂತ್ರಾಂಶ ಕೂತಿದೆ. ಬೀಗದ ಪ್ರಮಾಣಪತ್ರವನ್ನು ಅದೇ ತಂದುಕೊಳ್ಳುತ್ತದೆ. ಅದಕ್ಕೆ ಬರೆದುಕೊಟ್ಟಿದ್ದು ಮೂರೇ ಸಾಲು:

```
kadata.example {
    reverse_proxy 127.0.0.1:8080
}
```

ಎಲ್ಲವೂ ಕೂಡಿ ಒಂದು ಭಾನುವಾರದ ಕೆಲಸ. ಆಮೇಲಿನ ಎರಡು ತಿಂಗಳು ಕಲಿತದ್ದೇ ಹೆಚ್ಚು.

ಲೈನ್ ಜೀವಂತ, ಮಾತು ಇಲ್ಲ

ಮೊದಲ ಪಾಠ ಕರೆಂಟಿನದ್ದು. ನಮ್ಮಲ್ಲಿ ಕರೆಂಟ್ ಹೋದರೆ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಅದು ನಿಲ್ಲುವುದಿಲ್ಲ. ರೂಟರ್ ನಿಲ್ಲುತ್ತದೆ. ಹಾಗೆ ಲೈನ್ ಕಡಿದಾಗ “ಇಡ್ತೀನಿ” ಅಂತ ಯಾರೂ ಹೇಳಿರುವುದಿಲ್ಲ. ವಿಪಿಎಸ್ ಮಾತ್ರ ಹಳೇ ಕರೆ ಇನ್ನೂ ಇದೆ ಅಂದುಕೊಂಡು ಕಿವಿಗೆ ರಿಸೀವರ್ ಹಿಡಿದು ಕೂತಿರುತ್ತದೆ. ಕರೆಂಟ್ ಬಂದ ಮೇಲೆ ಲ್ಯಾಪ್‌ಟಾಪ್ ಹೊಸದಾಗಿ ಕರೆ ಮಾಡುತ್ತದೆ. 8080 ಹಳೇ ಕರೆಯ ಹಿಡಿತದಲ್ಲೇ ಇರುವುದರಿಂದ ಸಿಗುವುದಿಲ್ಲ. ಆಗ ಹೀಗೆ ಒಂದು ಸಾಲು ಬರುತ್ತದೆ:

```
Error: remote port forwarding failed for listen port 8080
```

ನಾನು ಮೊದಲು `ExitOnForwardFailure` ಹಾಕಿರಲಿಲ್ಲ. ಅದಿಲ್ಲದಿದ್ದರೆ ಆಜ್ಞೆ ಈ ತಪ್ಪನ್ನು ಎಚ್ಚರಿಕೆಯಂತೆ ಗೊಣಗಿ ಸುಮ್ಮನೆ ಮುಂದುವರಿಯುತ್ತದೆ. ನೋಡಿದರೆ ಸಂಪರ್ಕ ಇದೆ, ದಾರಿ ಮಾತ್ರ ಇಲ್ಲ. ಎರಡು ದಿನ ತಾಣ ಮುಚ್ಚಿತ್ತು, ನನಗೆ ಗೊತ್ತೇ ಆಗಲಿಲ್ಲ. ಪರಿಹಾರಕ್ಕೆ ಮೂರು ಕಡೆ ಕೈಹಾಕಬೇಕು. ದಾರಿ ಸಿಗದಿದ್ದರೆ ಆಜ್ಞೆ ಪೂರ್ತಿ ನಿಲ್ಲಬೇಕು, ಅದು ಮೇಲಿನ ಸಾಲಿನಲ್ಲಿದೆ. ನಿಂತರೆ ಹತ್ತು ಸೆಕೆಂಡಿಗೆ ತಾನೇ ಮತ್ತೆ ಶುರುವಾಗಬೇಕು, ಅದಕ್ಕೆ ಸಿಸ್ಟಮ್‌ಡಿ ಸೇವೆಯಲ್ಲಿ `Restart=always` ಮತ್ತು `RestartSec=10` ಹಾಕಿದೆ. ಸತ್ತ ಕರೆಯನ್ನು ವಿಪಿಎಸ್ ತಾನಾಗಿ ಇಡಬೇಕು, ಅದಕ್ಕೆ ಅಲ್ಲಿನ `sshd_config`ನಲ್ಲಿ `ClientAliveInterval 30` ಬರೆದೆ. ಈಗ ರೂಟರ್ ಜೀವ ಬಂದ ಒಂದೆರಡು ನಿಮಿಷದಲ್ಲಿ ದಾರಿ ಸರಿಹೋಗುತ್ತದೆ.

ಆ 30 ಸೆಕೆಂಡಿಗೆ ಇನ್ನೊಂದು ಕಾರಣವೂ ಇದೆ. ಕಂಪನಿಯ ಹಂಚಿಕೆ ಯಂತ್ರದ ಪುಸ್ತಕದಲ್ಲಿ ನಮ್ಮ ಸಾಲು ಇರುತ್ತದೆ ಅಂದೆನಲ್ಲ, ಮಾತಿಲ್ಲದೆ ಸುಮ್ಮನಿದ್ದರೆ ಸ್ವಲ್ಪ ಹೊತ್ತಿಗೆ ಆ ಸಾಲನ್ನು ಅಳಿಸಿಬಿಡುತ್ತದೆ. ಅಳಿಸುವ ಮುಂಚೆ ಆಗಾಗ “ಹಲೋ, ಇದ್ದೀನಿ” ಅನ್ನುತ್ತಿರಬೇಕು. ಎಸ್‌ಎಸ್‌ಎಚ್ ಬದಲು ವೈರ್‌ಗಾರ್ಡ್ ಅನ್ನೋ ಟನಲ್ ಬಳಸುವವರು `PersistentKeepalive = 25` ಅಂತ ಬರೆಯುವುದೂ ಇದಕ್ಕೇ. ಅದು ಮಾತಾಡುವ ಯುಡಿಪಿ ಪದ್ಧತಿಯ ಸಾಲುಗಳನ್ನು ಕೆಲವು ಯಂತ್ರಗಳು ಅರ್ಧ ನಿಮಿಷಕ್ಕೇ ಅಳಿಸುತ್ತವೆ.

ಎರಡನೇ ಪಾಠ ನಗು ಬರಿಸುವಂಥದ್ದು. ಫೈಲ್ ಏರಿಸುವ ಪುಟಕ್ಕೆ ಪಾಸ್‌ವರ್ಡ್ ಇಟ್ಟಿದ್ದೆ. ಐದು ಸಲ ತಪ್ಪು ಹಾಕಿದ ವಿಳಾಸವನ್ನು ಒಂದು ಗಂಟೆ ಹೊರಗಿಡುವಂತೆಯೂ ಮಾಡಿದ್ದೆ. ಒಂದು ಸಂಜೆ ಯಾರೋ ಐದು ಸಲ ತಪ್ಪಿದರು. ಹೊರಗೆ ಬಿದ್ದದ್ದು ಎಲ್ಲರೂ, ನಾನೂ ಸೇರಿ. ಯಾಕೆ? ಟನಲ್ ಮೂಲಕ ಬಂದವರೆಲ್ಲ ನನ್ನ ಲ್ಯಾಪ್‌ಟಾಪಿನ ಕಣ್ಣಿಗೆ 127.0.0.1 ಆಗಿಯೇ ಕಾಣುತ್ತಾರೆ. ಅಂದರೆ ಯಾವ ಹಂಚಿಕೆಯನ್ನು ಬೈಯುತ್ತಿದ್ದೆನೋ ಅದನ್ನೇ ನನ್ನ ಓದುಗರಿಗೆ ನಾನು ಮಾಡಿದ್ದೆ. ಒಬ್ಬ ತಪ್ಪಿದ್ದಕ್ಕೆ ಬೀದಿಗೆಲ್ಲ ಶಿಕ್ಷೆ. ಕ್ಯಾಡಿ ಬಂದವರ ನಿಜವಾದ ವಿಳಾಸವನ್ನು `X-Forwarded-For` ಅನ್ನೋ ಚೀಟಿಯಲ್ಲಿ ಬರೆದು ಕಳಿಸುತ್ತದೆ. ಮನೆಯ ತಂತ್ರಾಂಶಕ್ಕೆ ಆ ಚೀಟಿ ನೋಡು ಅಂತ ಹೇಳಬೇಕಿತ್ತು. ಆದರೆ ಸುರಂಗದಿಂದ ಬಂದ ಚೀಟಿಯನ್ನು ಮಾತ್ರ ನಂಬಬೇಕು. ಇಲ್ಲದಿದ್ದರೆ ಯಾರು ಬೇಕಾದರೂ ಸುಳ್ಳು ಚೀಟಿ ಬರೆದು ತರುತ್ತಾರೆ.

ಮನೆಯನ್ನೇ ಬಿಚ್ಚಿಡಬೇಡಿ

ಹಂಚಿದ ವಿಳಾಸದ ಹಿಂದೆ ಇರುವವರಿಗೆ ಒಂದು ನೆರಳು ಪುಕ್ಕಟೆ ಸಿಕ್ಕಿರುತ್ತದೆ: ಹೊರಗಿನ ಕಳ್ಳರೂ ಬೀದಿಯ ತುದಿಯಲ್ಲೇ ವಾಪಸ್ ಹೋಗುತ್ತಾರೆ. ಟನಲ್ ತೋಡಿದ ದಿನವೇ ಆ ನೆರಳು ಹೋಯಿತು. ನನ್ನ ತಾಣ ತೆರೆದ ಮೊದಲ ರಾತ್ರಿಯೇ ಲಾಗ್ ತುಂಬಾ `/wp-login.php`, `/.env` ಅಂತ ತಡಕಾಡಿದ ಗುರುತುಗಳು. ಇದ್ಯಾವುದೂ ನನ್ನ ಮೇಲಿನ ದ್ವೇಷದಿಂದಲ್ಲ. ಯಂತ್ರಗಳು ಹಗಲೂ ರಾತ್ರಿ ಎಲ್ಲರ ಬಾಗಿಲ ಅಗುಳಿ ಅಲುಗಾಡಿಸುತ್ತಾ ಹೋಗುತ್ತವೆ.

ಅದಕ್ಕೇ ಸುರಂಗದ ತುದಿಯಲ್ಲಿ ಒಂದೇ ತಂತ್ರಾಂಶ, ಒಂದೇ ಫೋಲ್ಡರ್ ಇಡಿ. ಜನರಿಗೆ ತೋರಿಸುವ ಕಡತ ಒಂದು ಕಡೆ, ಮಾಹಿತಿ ಕೊಟ್ಟವರ ಕಾಗದ ಇನ್ನೊಂದು ಕಡೆ. ಆ ಎರಡನೆಯದು ಆ ಲ್ಯಾಪ್‌ಟಾಪಿನಲ್ಲೇ ಇರಬಾರದು. ವಿಪಿಎಸ್‌ಗೆ ಪಾಸ್‌ವರ್ಡ್ ಪ್ರವೇಶ ಮುಚ್ಚಿ, ಕೀ ಮಾತ್ರ ಇಡಿ. `suranga` ಅನ್ನೋ ಆ ಬಳಕೆದಾರನಿಗೆ ಶೆಲ್ ಕೊಡಬೇಡಿ. ನಾಳೆ ಲ್ಯಾಪ್‌ಟಾಪ್ ಕಳುವಾದರೂ ಆ ಕೀಯಿಂದ ವಿಪಿಎಸ್‌ನ ಒಳಗೆ ಆಜ್ಞೆ ನಡೆಸಲು ಆಗಬಾರದು.

ಇದನ್ನು ಓದಿ ಕೆಲವರು ಅಡಿಕೆ ಗೋದಾಮಿನ ಸಿಸಿಟಿವಿಯನ್ನೂ ಹೀಗೇ ಹೊರಗೆ ತೆರೆಯೋಣ ಅಂದುಕೊಳ್ಳುತ್ತಾರೆ. ದಯವಿಟ್ಟು ಬೇಡ. ಆ ಡಿವಿಆರ್ ಪೆಟ್ಟಿಗೆಗಳ ತಂತ್ರಾಂಶ ಎಷ್ಟೋ ವರ್ಷ ಹಳೆಯದು, ಪಾಸ್‌ವರ್ಡ್ ಕಾರ್ಖಾನೆಯಲ್ಲಿ ಹಾಕಿದ್ದೇ ಇರುತ್ತದೆ. ಊರಿಗೆಲ್ಲ ತೋರಿಸುವ ವಸ್ತು ಬೇರೆ, ನೀವೊಬ್ಬರೇ ನೋಡುವ ವಸ್ತು ಬೇರೆ. ನೀವೊಬ್ಬರೇ ನೋಡುವುದಾದರೆ ನಿಮ್ಮ ಫೋನಿಗೂ ಮನೆಗೂ ನಡುವೆ ಮಾತ್ರ ಇರುವ ಖಾಸಗಿ ವೈರ್‌ಗಾರ್ಡ್ ದಾರಿ ಸಾಕು, ಬೀದಿಗೆ ಬಾಗಿಲು ಬೇಡ.

ನಾವು ಕೇಳಬೇಕಾದ್ದು

“ದಾರಿ ಸಿಕ್ಕಿತಲ್ಲ, ಇನ್ನೇನು ತಕರಾರು?” ಅಂತ ಗೆಳೆಯ ಕೇಳಿದ. ತಕರಾರು ಇದೆ. ನನ್ನ ಮನೆಗೆ ಬರಲು ನಾನೇ ಬೇರೆ ಊರಿನಲ್ಲಿ ಬಾಗಿಲು ಬಾಡಿಗೆ ಹಿಡಿಯಬೇಕಾಗಿದೆ. ಪಕ್ಕದ ಬೀದಿಯವರು ನನ್ನ ಲ್ಯಾಪ್‌ಟಾಪಿನ ರೆಕಾರ್ಡಿಂಗ್ ಕೇಳಿದರೆ ಅದು ಇಲ್ಲಿಂದ ವಿಪಿಎಸ್ ಇರುವ ಮಹಾನಗರಕ್ಕೆ ಹೋಗಿ ತಿರುಗಿ ಇಲ್ಲಿಗೇ ಬರುತ್ತದೆ. ಟನಲ್ ಒಂದು ಊರುಗೋಲು. ಊರುಗೋಲು ಸಿಕ್ಕಿತು ಅಂತ ಕಾಲಿನ ಮಾತು ಬಿಡಲಾಗುವುದಿಲ್ಲ.

ಕಾಲು ಯಾವುದು ಅಂದರೆ ಆರನೇ ಆವೃತ್ತಿಯ ವಿಳಾಸ. ಅದರಲ್ಲಿ ಕೊರತೆಯ ಪ್ರಶ್ನೆಯೇ ಇಲ್ಲ, ಮನೆಯ ಒಂದೊಂದು ಸಾಧನಕ್ಕೂ ಸ್ವಂತ ಸಾರ್ವಜನಿಕ ವಿಳಾಸ ಕೊಡಬಹುದು. ನಮ್ಮ ದೇಶದ ದೊಡ್ಡ ಮೊಬೈಲ್ ಜಾಲಗಳಲ್ಲಿ ಅದು ವರ್ಷಗಳಿಂದ ಓಡುತ್ತಿದೆ. ಇದನ್ನು ಓದುತ್ತಿರುವ ನಿಮ್ಮ ಫೋನಿಗೂ ಅದು ಇರುವ ಸಾಧ್ಯತೆ ಹೆಚ್ಚು. ಹೀಗಿದ್ದೂ ನನ್ನ ಫೈಬರ್ ಕಂಪನಿ ಅದನ್ನು ಕೊಟ್ಟಿಲ್ಲ. ಕೊಟ್ಟ ಕಡೆಯೂ ರೂಟರಿನ ಫೈರ್‌ವಾಲ್ ಒಳಬರುವುದನ್ನು ತಡೆದಿರುತ್ತದೆ. ತಡೆದಿರುವುದು ಸರಿಯೇ, ಬೇಕಾದ ಒಂದು ಕಿಂಡಿಯನ್ನು ತೆರೆಯುವ ಅವಕಾಶ ಗಿರಾಕಿಗೆ ಇರಬೇಕು. ಹಳೇ ವಿಳಾಸ ಮಾತ್ರ ಇರುವವರು ಆಗಲೂ ನೇರ ಬರಲಾರರು, ಅವರಿಗಾಗಿ ಸ್ವಲ್ಪ ಕಾಲ ಟನಲ್ ಬೇಕಾಗುತ್ತದೆ. ಅದು ಕಂಪನಿ ಕೈಕಟ್ಟಿ ಕೂರುವುದಕ್ಕೆ ನೆಪವಾಗಬಾರದು.

ಹಾಗಾಗಿ ಹೊಸ ಸಂಪರ್ಕ ತಗೊಳ್ಳುವಾಗ, ಇರುವುದನ್ನು ನವೀಕರಿಸುವಾಗ, ಮೂರು ಪ್ರಶ್ನೆಯನ್ನು ಇಮೇಲಿನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ತಗೊಳ್ಳಿ. ನನಗೆ ಕೊಡುವ ಹಳೇ ಪದ್ಧತಿಯ ವಿಳಾಸ ಸ್ವಂತದ್ದೋ ಹಂಚಿದ್ದೋ? ಆರನೇ ಆವೃತ್ತಿಯ ವಿಳಾಸ ಕೊಡುತ್ತೀರಾ, ಅದರಲ್ಲಿ ಒಳಬರುವ ಸಂಪರ್ಕಕ್ಕೆ ಅಡ್ಡಿ ಇದೆಯಾ? ಸ್ವಂತ ವಿಳಾಸ ಬೇಕಾದರೆ ಇದೇ ಪ್ಲಾನಿನಲ್ಲಿ ಎಷ್ಟು ಹೆಚ್ಚಿಗೆ? ಫೋನಿನಲ್ಲಿ ಕೇಳಿದರೆ “ರೂಟರ್ ರೀಸೆಟ್ ಮಾಡಿ ಸಾರ್” ಅನ್ನುತ್ತಾರೆ. ಬರಹದಲ್ಲಿ ಹಾಗನ್ನುವುದು ಕಷ್ಟ.

ಕಳೆದ ಗ್ರಾಮಸಭೆಯಲ್ಲಿ ನೀರಿನ ಟ್ಯಾಂಕಿನ ಮಾತು ಮತ್ತೆ ಬಂತು. “ಹಾಗಂತ ಯಾರು ಹೇಳಿದ್ರು? ನಾನು ಹೇಳಿಲ್ಲ” ಅಂತ ವೇದಿಕೆಯಿಂದ ಉತ್ತರ ಬಂತು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗ ಎದ್ದು, ಮೊಬೈಲ್ ತೆಗೆದು, ಹಿಂದಿನ ವರ್ಷದ ರೆಕಾರ್ಡಿಂಗನ್ನು ಮೈಕಿಗೆ ಹಿಡಿದ. ಅದು ಆ ಹೊತ್ತಿಗೆ ಬರುತ್ತಿದ್ದದ್ದು ಅರ್ಧ ಕಿಲೋಮೀಟರ್ ದೂರದ ನಮ್ಮ ಮನೆಯ ಮೂಲೆಯಲ್ಲಿದ್ದ ಲ್ಯಾಪ್‌ಟಾಪಿನಿಂದ.

ಮನೇಲಿ ಸರ್ವರ್ ಇಟ್ಕೊಂಡು ಏನ್ ಮಾಡ್ತೀರಾ ಅಂತ ಕೇಳಿದ್ದರಲ್ಲ. ಇದನ್ನು ಮಾಡ್ತೀವಿ.